ಡೈರಿಯ ‘ನಾನು’ ಕತೆಯ ‘ಅವಳು’ ಆಗುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಗಲಕೋಟೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಡೈರಿಯ ಒಂದು ಪುಟವನ್ನು ಕತೆಯಾಗಿ ಬರೆಯಿರಿ ಅಂತ ಮಕ್ಕಳಿಗೆ ಹೇಳುವುದು ನನ್ನ ಹಳೆಯ ಚಟ. ಅವರು ಕೇಳುವ ಪ್ರಶ್ನೆಗಳು ವರ್ಷ ವರ್ಷವೂ ಹೆಚ್ಚು ಕಡಿಮೆ ಅವೇ. ಈಚೆಗೆ ದೊಡ್ಡವರೂ ಕೇಳುತ್ತಾರೆ, ಅಜ್ಜನ ಡೈರಿ ಸಿಕ್ಕಿದೆ, ಅದನ್ನು ಕತೆ ಮಾಡಬೇಕು ಅಂತ. ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ.

ಎಲ್ಲ ಉತ್ತರಗಳಿಗೂ ಒಂದೇ ಪುಟ ಸಾಕು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಬಾಗಲಕೋಟೆಯ ಒಂದಷ್ಟು ಭಾಗ ಮುಳುಗಿತು. ಅಲ್ಲಿದ್ದವರು ಹೊಸದಾಗಿ ಕಟ್ಟಿದ ನವನಗರಕ್ಕೆ ಬಂದರು. ಆ ಮುಳುಗಡೆಯ ಮಾತು ನಮ್ಮೂರಿನ ಎಷ್ಟೋ ಮನೆಗಳಲ್ಲಿ ಇನ್ನೂ ನಡೆಯುತ್ತದೆ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಪಾಠಕ್ಕಾಗಿ ನಾನೇ ಬರೆದ ಪುಟ ಇದು:

> ಇವತ್ತು ಹಳೆ ಮನೆ ಬಿಟ್ಟು ನವನಗರಕ್ಕೆ ಬಂದೆವು. ಬೆಳಿಗ್ಗೆ ಟ್ರ್ಯಾಕ್ಟರ್ ಬಂತು. ಅವ್ವ ನನ್ನ ಪುಸ್ತಕಗಳನ್ನೆಲ್ಲ ಜೋಳದ ಚೀಲದಲ್ಲಿ ತುಂಬಿದಳು. ನಾನು ಬೇಡ ಅಂದೆ, ಕೇಳಲಿಲ್ಲ. ಅಜ್ಜ ಇನ್ನೂ ಬಂದಿಲ್ಲ. ‘ನಾಳಿ ಬರ್ತೇನಿ’ ಅಂತ ಹೇಳಿ ಅಲ್ಲೇ ಉಳಿದಿದ್ದಾನೆ. ಇಲ್ಲಿ ಮನೆ ಮುಂದೆ ಬೇವಿನ ಗಿಡ ಇಲ್ಲ. ಈಗ ರಾತ್ರಿ ಹತ್ತು ಗಂಟೆ. ಕರೆಂಟ್ ಹೋಗಿದೆ, ಕಂದೀಲು ಹಚ್ಚಿಕೊಂಡು ಬರೆಯುತ್ತಿದ್ದೇನೆ. ನಿದ್ದೆ ಬರುತ್ತಿಲ್ಲ. ನಾಳೆ ಹೊಸ ಶಾಲೆಗೆ ಹೋಗಬೇಕು.

## ಶುರುವಿನ ಪ್ರಶ್ನೆಗಳು

ಸರ, ‘ನಾನು’ ಇದ್ದಲ್ಲೆಲ್ಲ ‘ಅವಳು’ ಹಾಕಿದರೆ ಮುಗೀತಲ್ಲ?

ಮೇಲಿನ ಪುಟದಲ್ಲಿ ‘ನಾನು’ ಎಷ್ಟು ಸಲ ಬಂದಿದೆ ಎಣಿಸಿ. ಒಂದೇ ಸಲ. ಅದನ್ನಷ್ಟೇ ಬದಲಿಸಿದರೆ ‘ಅವಳು ಬೇಡ ಅಂದೆ’ ಅಂತ ಆಗುತ್ತದೆ. ಪಕ್ಕದವರು ನಗುತ್ತಾರೆ.

ಕನ್ನಡದಲ್ಲಿ ‘ನಾನು’ ಕೂತಿರುವುದು ಹೆಚ್ಚಾಗಿ ಕ್ರಿಯಾಪದದ ಬಾಲದಲ್ಲಿ. ‘ಬಂದೆವು’, ‘ಅಂದೆ’, ‘ಬರೆಯುತ್ತಿದ್ದೇನೆ’ ಅಂದರೆ ಸಾಕು, ಯಾರು ಅಂತ ಗೊತ್ತಾಗುತ್ತದೆ. ಅದಕ್ಕೇ ಡೈರಿ ಬರೆಯುವವರು ‘ನಾನು’ ಅನ್ನುವುದನ್ನು ಬಿಟ್ಟೇ ಬರೆಯುತ್ತಾರೆ. ಕತೆಯಲ್ಲಿ ಹಾಗೆ ಬಿಡಲು ಆಗುವುದಿಲ್ಲ. ‘ಅಂದಳು’ ಅಂದರೆ ಒಬ್ಬ ಹೆಣ್ಣು ಅಂತ ಮಾತ್ರ ಗೊತ್ತಾಗುತ್ತದೆ. ಅವ್ವನೋ ಮಗಳೋ? ಹಾಗಾಗಿ ಡೈರಿಯಲ್ಲಿ ಇಲ್ಲದ ಕಡೆಯೂ ಕತೆಯಲ್ಲಿ ಹೆಸರು ಹಾಕಬೇಕಾಗುತ್ತದೆ. ‘ಕೇಳಲಿಲ್ಲ’ ಅನ್ನುವ ಒಂದು ಮಾತನ್ನು ನೋಡಿ. ಡೈರಿಯಲ್ಲಿ ಅದು ಅವ್ವ ಅಂತ ತಾನಾಗಿ ತಿಳಿಯುತ್ತದೆ. ‘ಅವಳು ಬೇಡ ಅಂದಳು, ಕೇಳಲಿಲ್ಲ’ ಅಂತ ಬರೆದರೆ ಹಠ ಮಾಡಿದ್ದು ಯಾರು ಅಂತ ಓದುಗ ನಿಂತು ಯೋಚಿಸುತ್ತಾನೆ.

ಡೈರಿ ಬರೆದವರು ಹುಡುಗನೋ ಹುಡುಗಿಯೋ ಗೊತ್ತಾಗ್ತಿಲ್ಲ. ಏನ್ ಮಾಡಲಿ?

ನೀವೇ ತೀರ್ಮಾನ ಮಾಡಬೇಕು, ಬೇರೆ ದಾರಿ ಇಲ್ಲ. ‘ಬಂದೆ’ಯಲ್ಲಿ ಗಂಡು ಹೆಣ್ಣಿನ ಗುರುತು ಇಲ್ಲ. ‘ಬಂದ’, ‘ಬಂದಳು’ ಇವುಗಳಲ್ಲಿ ಇದೆ. ಹಾಗಾಗಿ ಕನ್ನಡದಲ್ಲಿ ಈ ಕೆಲಸ ಮಾಡುವಾಗ ಮೂಲದಲ್ಲಿ ಇಲ್ಲದ ಒಂದು ಸಂಗತಿಯನ್ನು ನೀವು ಸೇರಿಸಲೇಬೇಕು. ‘ಬಂದರು’ ಅಂತ ಬರೆದು ತಪ್ಪಿಸಿಕೊಳ್ಳುವವರಿದ್ದಾರೆ. ಹತ್ತನೇ ಕ್ಲಾಸಿನ ಮಗುವಿಗೆ ‘ಬಂದರು’ ಅಂದರೆ ಅದು ಮಗುವಾಗಿ ಉಳಿಯುವುದಿಲ್ಲ. ನಮ್ಮ ಪುಟಕ್ಕೆ ನಾನು ಒಬ್ಬ ಹುಡುಗಿಯನ್ನು ಆರಿಸಿಕೊಂಡೆ. ಹೆಸರು ನೀಲಾ.

ಡೈರಿಯಲ್ಲೇ ಮೂರೂ ಕಾಲ ಇದೆ. ಕತೆಗೆ ಯಾವುದನ್ನು ಇಟ್ಟುಕೊಳ್ಳಬೇಕು?

ಈ ಪ್ರಶ್ನೆ ಸರಿಯಾಗಿ ತಿಳಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಡೈರಿಯಲ್ಲಿ ಎರಡು ಹೊತ್ತು ಇರುತ್ತವೆ. ಒಂದು, ಆ ದಿನ ನಡೆದದ್ದು. ಇನ್ನೊಂದು, ರಾತ್ರಿ ಕೂತು ಬರೆಯುತ್ತಿರುವ ಹೊತ್ತು. ನೀಲಾಳ ಪುಟದ ಮೊದಲ ನಾಲ್ಕು ವಾಕ್ಯ ಹಗಲಿನವು. ‘ಅಜ್ಜ ಇನ್ನೂ ಬಂದಿಲ್ಲ’ ಅಂದ ಕೂಡಲೇ ಅವಳು ಹಗಲು ಬಿಟ್ಟು ಕಂದೀಲಿನ ಮುಂದೆ ಬಂದು ಕೂತಳು. ಅಲ್ಲಿಂದ ಕೊನೆಯವರೆಗೂ ಇರುವ ಏಳು ವಾಕ್ಯ ಆ ಕಂದೀಲಿನ ಹೊತ್ತಿನವು. ಅವಳಿಗೆ ಹಗಲು ಭೂತಕಾಲ, ಕಂದೀಲು ವರ್ತಮಾನ, ಶಾಲೆ ಭವಿಷ್ಯ.

ಕತೆ ಹೇಳುವವನು ಆ ರಾತ್ರಿಯಲ್ಲಿ ಇಲ್ಲ. ಅವನು ಎಷ್ಟೋ ದಿನ ಆದ ಮೇಲೆ, ದೂರದಲ್ಲಿ ನಿಂತಿದ್ದಾನೆ. ಅವನಿಗೆ ಹಗಲೂ ಹಿಂದಿನದು, ಕಂದೀಲೂ ಹಿಂದಿನದು, ಆ ಶಾಲೆಯ ಮೊದಲ ದಿನವೂ ಹಿಂದಿನದೇ. ಹಾಗಾಗಿ ಮೂರನ್ನೂ ಭೂತಕಾಲಕ್ಕೆ ತರಬೇಕು. ಆದರೆ ಅವುಗಳ ನಡುವಿನ ಅಂತರ ಉಳಿಯಬೇಕು. ಹಗಲಿಗೆ ‘ತುಂಬಿದಳು’, ರಾತ್ರಿಗೆ ‘ಬರೆಯುತ್ತಿದ್ದಳು’, ಶಾಲೆಗೆ ‘ಹೋಗುವುದಿತ್ತು’.

ಮಕ್ಕಳು ತಪ್ಪುವುದು ಸರಿಯಾಗಿ ಆ ಐದನೇ ವಾಕ್ಯದಲ್ಲಿ. ಮೊದಲ ನಾಲ್ಕು ಹೇಗೂ ಭೂತಕಾಲದಲ್ಲೇ ಇವೆ, ಬಾಲ ಬದಲಿಸಿದರೆ ಆಯಿತು. ಅದೇ ಓಟದಲ್ಲಿ ‘ಅಜ್ಜ ಇನ್ನೂ ಬಂದಿಲ್ಲ’ವನ್ನು ಮುಟ್ಟದೆ ದಾಟಿಬಿಡುತ್ತಾರೆ. ಅದರಲ್ಲಿ ‘ನಾನು’ ಇಲ್ಲವಲ್ಲ, ಅದಕ್ಕೆ.

‘ಇವತ್ತು’, ‘ನಾಳೆ’, ‘ಇಲ್ಲಿ’ ಇವನ್ನೂ ಬದಲಿಸಬೇಕಾ?

ಹೌದು. ಇವತ್ತು ಹೋಗಿ ‘ಆ ದಿನ’, ನಾಳೆ ಹೋಗಿ ‘ಮರುದಿನ’, ನಿನ್ನೆ ಹೋಗಿ ‘ಹಿಂದಿನ ದಿನ’. ‘ಇಲ್ಲಿ’ ಬಂದಲ್ಲಿ ‘ಅಲ್ಲಿ’ ಅಂತ ಕಣ್ಣು ಮುಚ್ಚಿ ಹಾಕಬೇಡಿ. ನಮ್ಮ ಪುಟದಲ್ಲಿ ‘ಅಲ್ಲೇ ಉಳಿದಿದ್ದಾನೆ’ ಅಂತ ಇನ್ನೊಂದು ‘ಅಲ್ಲಿ’ ಆಗಲೇ ಇದೆ. ಎರಡೂ ‘ಅಲ್ಲಿ’ ಆದರೆ ಬೇವಿನ ಗಿಡ ಇದ್ದದ್ದು ಯಾವ ಮನೆ ಮುಂದೆ? ‘ಹಳೆ ಮನೆ’, ‘ಹೊಸ ಮನೆ’ ಅಂತ ಬಿಡಿಸಿ ಬರೆದುಬಿಡಿ.

‘ಬಾ’, ‘ಹೋಗು’ ಕೂಡ ಹೀಗೇ ತಿರುಗುತ್ತವೆ. ನೀಲಾ ನವನಗರದಲ್ಲಿ ಕೂತು ‘ಬಂದೆವು’ ಅಂದಳು. ದೂರ ನಿಂತವನಿಗೆ ಅವರು ‘ಹೋದರು’. ‘ಬಂದರು’ ಅಂದರೂ ತಪ್ಪಲ್ಲ, ಆದರೆ ಆಗ ಕತೆ ಹೇಳುವವನೂ ನವನಗರದವನೇ ಅಂತ ಅನಿಸುತ್ತದೆ.

## ಕೆಲಸಕ್ಕೆ ಇಳಿದ ಮೇಲೆ

ಇಡೀ ಪುಟ ಒಮ್ಮೆ ಬದಲಿಸಿ ತೋರಿಸ್ತೀರಾ?

ನಾನು ಮಾಡಿದ್ದು ಹೀಗಿದೆ:

> ಆ ದಿನ ನೀಲಾಳ ಮನೆಯವರು ಹಳೆ ಮನೆ ಬಿಟ್ಟು ನವನಗರಕ್ಕೆ ಹೋದರು. ಬೆಳಿಗ್ಗೆ ಟ್ರ್ಯಾಕ್ಟರ್ ಬಂತು. ಅವ್ವ ನೀಲಾಳ ಪುಸ್ತಕಗಳನ್ನೆಲ್ಲ ಜೋಳದ ಚೀಲದಲ್ಲಿ ತುಂಬಿದಳು. ನೀಲಾ ಬೇಡ ಅಂದಳು, ಅವ್ವ ಕೇಳಲಿಲ್ಲ. ರಾತ್ರಿಯಾದರೂ ಅಜ್ಜ ಇನ್ನೂ ಬಂದಿರಲಿಲ್ಲ. ‘ನಾಳಿ ಬರ್ತೇನಿ’ ಅಂತ ಹೇಳಿ ಹಳೆ ಮನೆಯಲ್ಲೇ ಉಳಿದಿದ್ದ. ಹೊಸ ಮನೆ ಮುಂದೆ ಬೇವಿನ ಗಿಡ ಇರಲಿಲ್ಲ. ಹತ್ತು ಗಂಟೆಯಾಗಿತ್ತು. ಕರೆಂಟ್ ಹೋಗಿತ್ತು, ನೀಲಾ ಕಂದೀಲು ಹಚ್ಚಿಕೊಂಡು ಡೈರಿ ಬರೆಯುತ್ತಿದ್ದಳು. ನಿದ್ದೆ ಬರುತ್ತಿರಲಿಲ್ಲ. ಮರುದಿನ ಹೊಸ ಶಾಲೆಗೆ ಹೋಗುವುದಿತ್ತು.

ಕೆಲವು ಕಡೆ ಯಾಕೆ ಹಾಗೆ ಮಾಡಿದೆ ಅಂತ ಹೇಳಬೇಕು. ‘ಬಂದೆವು’ ಅನ್ನುವುದರಲ್ಲಿ ‘ನಾವು’ ಇದೆ. ಅದನ್ನು ‘ಅವರು’ ಮಾಡಿದರೆ ಯಾರೋ ಒಬ್ಬ ಹಿರಿಯರು ಅಂತಲೂ ಅರ್ಥವಾಗುತ್ತದೆ, ಅದಕ್ಕೇ ‘ನೀಲಾಳ ಮನೆಯವರು’. ‘ರಾತ್ರಿಯಾದರೂ’ ಅನ್ನುವ ಮಾತು ಡೈರಿಯಲ್ಲಿ ಇಲ್ಲ. ಹಗಲಿನಿಂದ ರಾತ್ರಿಗೆ ದಾಟುವುದನ್ನು ಡೈರಿಯಲ್ಲಿ ಕಾಲವೇ ಹೇಳುತ್ತಿತ್ತು. ಇಲ್ಲಿ ಎಲ್ಲವೂ ಭೂತಕಾಲ ಆದ್ದರಿಂದ ಒಂದು ಮಾತು ಸೇರಿಸಿದೆ. ‘ಬರೆಯುತ್ತಿದ್ದೇನೆ’ ಅಂತ ಡೈರಿಯಲ್ಲೇ ಬರೆದರೆ ಏನನ್ನು ಅಂತ ಕೇಳಬೇಕಿಲ್ಲ. ಕತೆಯಲ್ಲಿ ‘ಡೈರಿ’ ಅಂತ ಹೇಳಬೇಕು.

ಕೊನೆಯ ವಾಕ್ಯದಲ್ಲಿ ಒಂದು ಗುಂಡಿ ಇದೆ. ‘ಹೋಗಬೇಕು’ ಅನ್ನುವುದನ್ನು ಎಲ್ಲರೂ ಮೊದಲು ‘ಹೋಗಬೇಕಿತ್ತು’ ಅಂತಲೇ ಬರೆಯುತ್ತಾರೆ, ನಾನೂ ಬರೆದಿದ್ದೆ. ಆದರೆ ‘ಶಾಲೆಗೆ ಹೋಗಬೇಕಿತ್ತು’ ಅಂದರೆ ಹೋಗಲಿಲ್ಲ ಅನ್ನುವ ದನಿಯೂ ಬರುತ್ತದೆ. ‘ನೀನು ನಿನ್ನೆ ಬರಬೇಕಿತ್ತು’ ಅಂತ ಬೈಯುವುದಿಲ್ಲವೇ, ಹಾಗೆ. ‘ಹೋಗುವುದಿತ್ತು’ ಅಂದರೆ ಆ ಗೊಂದಲ ಕಡಿಮೆ. ‘ಬೆಳಗಾದರೆ ಹೊಸ ಶಾಲೆ’ ಅಂತ ಬರೆದರೂ ಚೆಂದ.

ಎಲ್ಲ ಸರಿ ಮಾಡಿದರೂ ‘ಇಲ್ಲ’ ಇರೋ ವಾಕ್ಯಗಳಲ್ಲೇ ಮಾರ್ಕ್ಸ್ ಹೋಗ್ತದೆ. ಯಾಕೆ ಸರ?

‘ಇಲ್ಲ’ಕ್ಕೆ ಬಾಲ ಇಲ್ಲ, ಅದಕ್ಕೆ. ‘ನಾನು ಬಂದಿಲ್ಲ, ಅವಳು ಬಂದಿಲ್ಲ, ಅವರು ಬಂದಿಲ್ಲ’, ಎಲ್ಲದಕ್ಕೂ ಒಂದೇ ರೂಪ. ನೀವು ‘ನಾನು’ ಹುಡುಕುತ್ತಾ ಹೋದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಕಾಲ ಅದರಲ್ಲಿ ಅಡಗಿದೆ.

ನಾಲ್ಕು ಜೋಡಿ ನೆನಪಿಟ್ಟುಕೊಂಡರೆ ಸಾಕು. ‘ಇಲ್ಲ’ ಇದ್ದದ್ದು ‘ಇರಲಿಲ್ಲ’ ಆಗುತ್ತದೆ. ‘ಬಂದಿಲ್ಲ’ ಹೋಗಿ ‘ಬಂದಿರಲಿಲ್ಲ’. ‘ಬರುತ್ತಿಲ್ಲ’ ಹೋಗಿ ‘ಬರುತ್ತಿರಲಿಲ್ಲ’. ‘ಬರುವುದಿಲ್ಲ’ ಅನ್ನುವುದು ರೂಢಿಯ ಮಾತಾದರೆ ಅದೂ ‘ಬರುತ್ತಿರಲಿಲ್ಲ’. ನಾಲ್ಕರಲ್ಲೂ ನಡುವೆ ಒಂದು ‘ಇರಲಿ’ ಬಂದು ಕೂತಿದೆ ನೋಡಿ. ‘ಬರಲಿಲ್ಲ’ ಮಾತ್ರ ಆಗಲೇ ಭೂತಕಾಲ, ಅದನ್ನು ಮುಟ್ಟಬೇಡಿ. ‘ಬಂದಿಲ್ಲ’ವನ್ನು ‘ಬರಲಿಲ್ಲ’ ಮಾಡುವುದು ಇನ್ನೊಂದು ಸಾಮಾನ್ಯ ತಪ್ಪು. ‘ಅಜ್ಜ ಬರಲಿಲ್ಲ’ ಅಂದರೆ ಕತೆ ಮುಗಿಯಿತು, ಅಜ್ಜ ಬರಲೇ ಇಲ್ಲ. ‘ಬಂದಿರಲಿಲ್ಲ’ ಅಂದರೆ ಇನ್ನೂ ಬರಬಹುದು, ಮನೆಯವರು ಕಾಯುತ್ತಿದ್ದಾರೆ.

ಬಾಲ ಇಲ್ಲದ ಬೇರೆ ಮಾತುಗಳಿಗೂ ಇದೇ ಗತಿ. ‘ಗೊತ್ತು’ ಅನ್ನುವುದು ‘ಗೊತ್ತಿತ್ತು’, ‘ಬೇಕು’ ಅನ್ನುವುದು ‘ಬೇಕಿತ್ತು’, ‘ಸಾಕಾಗಿದೆ’ ಅನ್ನುವುದು ‘ಸಾಕಾಗಿತ್ತು’.

‘ತನ್ನ’ ಬರೆಯಬೇಕೋ, ‘ಅವಳ’ ಬರೆಯಬೇಕೋ?

ವಾಕ್ಯದ ಕರ್ತೃ ಯಾರೋ ‘ತನ್ನ’ ಅವರದು. ‘ನಾನು ನನ್ನ ಪುಸ್ತಕ ತೆಗೆದೆ’ ಅನ್ನುವುದು ‘ನೀಲಾ ತನ್ನ ಪುಸ್ತಕ ತೆಗೆದಳು’ ಆಗುತ್ತದೆ. ‘ಅವ್ವ ನನ್ನ ಪುಸ್ತಕ ತುಂಬಿದಳು’ ಅನ್ನುವುದನ್ನು ‘ಅವ್ವ ತನ್ನ ಪುಸ್ತಕ ತುಂಬಿದಳು’ ಅಂತ ಮಾಡಿದರೆ ಪುಸ್ತಕ ಅವ್ವನದಾಯಿತು. ‘ಅವಳ’ ಅಂದರೂ ಇನ್ಯಾವಳೋ ಅನಿಸಬಹುದು. ಇಬ್ಬರು ಹೆಂಗಸರು ಒಂದೇ ವಾಕ್ಯದಲ್ಲಿದ್ದರೆ ಹೆಸರೇ ಗಟ್ಟಿ.

‘ಹೋಗುತ್ತೇನೆ’ ಅನ್ನುವುದನ್ನು ಒಮ್ಮೆ ‘ಹೋಗುತ್ತಿದ್ದಳು’ ಅಂತೀರಿ, ಒಮ್ಮೆ ಬೇರೆ ಅಂತೀರಿ. ಯಾವುದು ಸರಿ?

ಕನ್ನಡದಲ್ಲಿ ‘ಹೋಗುತ್ತೇನೆ’ ಎರಡು ಕೆಲಸ ಮಾಡುತ್ತದೆ. ‘ದಿನಾ ಬಸ್ಸಿಗೆ ಹೋಗುತ್ತೇನೆ’ ರೂಢಿ. ‘ನಾಳೆ ಬಸ್ಸಿಗೆ ಹೋಗುತ್ತೇನೆ’ ಮುಂದಿನ ಮಾತು. ರೂಪ ಒಂದೇ ಆದರೂ ಕತೆಗೆ ತರುವಾಗ ದಾರಿ ಬೇರೆಯಾಗುತ್ತದೆ. ಮೊದಲನೆಯದು ‘ದಿನಾ ಬಸ್ಸಿಗೆ ಹೋಗುತ್ತಿದ್ದಳು’. ಎರಡನೆಯದು ‘ಮರುದಿನ ಬಸ್ಸಿಗೆ ಹೋಗುವವಳಿದ್ದಳು’. ಅದಲು ಬದಲಾದರೆ ‘ಮರುದಿನ ಬಸ್ಸಿಗೆ ಹೋಗುತ್ತಿದ್ದಳು’ ಅಂತ ಆಗಿ, ಅವಳು ಆಗಲೇ ಬಸ್ಸಿನಲ್ಲಿ ಕೂತಿದ್ದಾಳೆ ಅನ್ನಿಸುತ್ತದೆ.

ಅಜ್ಜನಿಗೆ ‘ಉಳಿದಿದ್ದ’ ಅನ್ನೋದಾ? ‘ಉಳಿದಿದ್ದರು’ ಅನ್ನಬೇಕಲ್ವಾ?

ಬೆಂಗಳೂರು ಕಡೆಯ ಒಬ್ಬ ತಂದೆ ಇದನ್ನು ಕೇಳಿದ್ದರು, ಸ್ವಲ್ಪ ಸಿಟ್ಟಿನಲ್ಲೇ. ನಮ್ಮ ಕಡೆ ಮನೆಯ ಮಕ್ಕಳು ‘ಅಜ್ಜ ಬಂದಾನ’, ‘ಅವ್ವ ಕರದಾಳ’ ಅಂತಲೇ ಹೇಳುತ್ತಾರೆ. ಅದರಲ್ಲಿ ಅಗೌರವ ಇಲ್ಲ, ಸಲಿಗೆ ಇದೆ. ಕತೆ ಹೇಳುವವನು ನೀಲಾಳ ಹೆಗಲ ಹಿಂದೆಯೇ ನಿಂತು ನೋಡುತ್ತಿದ್ದರೆ ‘ಉಳಿದಿದ್ದ’ ಸರಿ. ಹೊರಗಿನವನಂತೆ ಹೇಳುತ್ತಿದ್ದರೆ ‘ಉಳಿದಿದ್ದರು’ ಸರಿ, ಆಗ ಅವ್ವನೂ ‘ತುಂಬಿದರು’ ಆಗಬೇಕು. ಒಬ್ಬರಿಗೆ ಒಂದು ಲೆಕ್ಕ, ಇನ್ನೊಬ್ಬರಿಗೆ ಇನ್ನೊಂದು ಬೇಡ. ಮೇಲಾಗಿ, ಡೈರಿ ಬರೆದವರೇ ಅಜ್ಜ ಆಗಿದ್ದರೆ, ಅವರ ‘ನಾನು’ ಹತ್ತು ವರ್ಷದ ಹುಡುಗನಾಗಿದ್ದಾಗಿನದು ಆದರೆ, ಕತೆಯಲ್ಲಿ ಅವನು ‘ಹುಡುಗ ಓಡಿದ’ ಆಗಿಯೇ ಇರಲಿ. ‘ಅಜ್ಜ ಮರ ಹತ್ತಿದರು’ ಅಂದರೆ ಮುದುಕರು ಮರ ಹತ್ತಿದಂತೆ ಆಗುತ್ತದೆ.

## ಸ್ವಲ್ಪ ಆಳಕ್ಕೆ ಹೋದವರಿಗೆ

ಇಂಗ್ಲಿಷ್‌ನಲ್ಲಿ ‘ಹಿ ಸೆಡ್’ ಬಂದರೆ ಒಳಗಿನ ಕಾಲವೂ ಹಿಂದಕ್ಕೆ ಹೋಗ್ತದೆ. ಕನ್ನಡದಲ್ಲೂ ಹಾಗೇನಾ?

ಇಲ್ಲ. ‘ಅಂತ’, ‘ಎಂದು’ ಇವುಗಳ ಒಳಗಿನ ಮಾತು ಆಡಿದವರದ್ದು, ಅವರ ಹೊತ್ತಿನದು. ‘ನಾಳಿ ಬರ್ತೇನಿ’ ಅಂತ ಅಜ್ಜ ಹೇಳಿದ್ದು ಕತೆಯಲ್ಲೂ ಹಾಗೇ ಉಳಿಯಿತು, ‘ನಾಳಿ’ಯೂ ಉಳಿಯಿತು. ಮನಸ್ಸಿನ ಮಾತಿಗೂ ಅಷ್ಟೇ. ‘ಅಜ್ಜ ಬರುತ್ತಾನೆ ಅಂದುಕೊಂಡೆ’ ಇದ್ದದ್ದು ‘ಅಜ್ಜ ಬರುತ್ತಾನೆ ಅಂದುಕೊಂಡಳು’ ಆದರೆ ಸಾಕು. ಇಂಗ್ಲಿಷ್ ಮೀಡಿಯಂ ಮಕ್ಕಳು ಇಲ್ಲಿ ಜಾಸ್ತಿ ದುಡಿದು, ‘ಅಜ್ಜ ಬರುತ್ತಿದ್ದ ಅಂದುಕೊಂಡಳು’ ಅಂತ ಬರೆಯುತ್ತಾರೆ. ಅರ್ಥವೇ ಬೇರೆಯಾಯಿತು: ಅಜ್ಜ ಹಿಂದೆಲ್ಲ ಬರುತ್ತಿದ್ದ ಅಂತ ಅವಳು ನೆನೆಸಿಕೊಂಡಂತೆ.

ಉದ್ಧರಣೆ ಬೇಡ ಅನ್ನಿಸಿದರೆ ‘ಮರುದಿನ ಬರುವುದಾಗಿ ಹೇಳಿ’ ಅನ್ನಬಹುದು. ಆಗ ‘ನಾಳೆ’ ಹೋಗಿ ‘ಮರುದಿನ’ ಬರಬೇಕು. ನನಗೆ ಅದು ಪೇಪರ್ ಸುದ್ದಿಯ ಹಾಗೆ ಕೇಳಿಸುತ್ತದೆ. ಅಜ್ಜನ ದನಿಯೇ ಹೋಗಿಬಿಡುತ್ತದೆ.

ವಾಕ್ಯದ ನಡುವಿನ ‘ಬಿಟ್ಟು’, ‘ಹಚ್ಚಿಕೊಂಡು’, ‘ನೋಡುತ್ತಾ’, ‘ಬರುವ ಬಸ್ಸು’ ಇಂಥವನ್ನೂ ಮುಟ್ಟಬೇಡಿ. ಅವು ಕೊನೆಯ ಕ್ರಿಯಾಪದದ ಕಾಲಕ್ಕೆ ಜೋತುಬೀಳುತ್ತವೆ.

‘ಬಂದಿದ್ದೇನೆ’ಯೂ ‘ಬಂದಿದ್ದಳು’, ‘ಬಂದಿದ್ದೆ’ಯೂ ‘ಬಂದಿದ್ದಳು’. ವ್ಯತ್ಯಾಸ ಎಲ್ಲಿ ಹೋಯ್ತು?

ಒಳ್ಳೆಯ ಪ್ರಶ್ನೆ. ಇದನ್ನು ಕೇಳಿದವಳು ಒಂಬತ್ತನೇ ಕ್ಲಾಸಿನ ಹುಡುಗಿ, ನನಗೇ ಹೊಳೆದಿರಲಿಲ್ಲ. ‘ನವನಗರಕ್ಕೆ ಬಂದಿದ್ದೇನೆ’ ಅಂದರೆ ಈಗ ಇಲ್ಲೇ ಇದ್ದೇನೆ. ‘ಹೋದ ವರ್ಷವೂ ಬಂದಿದ್ದೆ’ ಅಂದರೆ ಬಂದು ವಾಪಸ್ ಹೋಗಿದ್ದೆ. ಭೂತಕಾಲದ ಕತೆಯಲ್ಲಿ ಎರಡೂ ಒಂದೇ ರೂಪಕ್ಕೆ ಬಂದು ನಿಲ್ಲುತ್ತವೆ. ಕ್ರಿಯಾಪದ ಇಲ್ಲಿ ಸಹಾಯ ಮಾಡುವುದಿಲ್ಲ, ಹೊತ್ತು ಹೇಳುವ ಮಾತೇ ಮಾಡಬೇಕು. ‘ಅದರ ಹಿಂದಿನ ವರ್ಷವೂ ಒಮ್ಮೆ ಬಂದು ಹೋಗಿದ್ದಳು’ ಅಂತ ಬಿಡಿಸಿದರೆ ಆಯಿತು.

ನಮ್ಮಜ್ಜ ಡೈರಿಯನ್ನು ನಮ್ಮ ಕಡೆ ಭಾಷೆಯಲ್ಲೇ ಬರೆದಾರ. ‘ಬಂದೇನಿ’, ‘ಬರಾಕತ್ತೈತಿ’ ಇವನ್ನ ಏನ್ ಮಾಡೂದು?

ಮೊದಲು ಅದರ ಕಾಲ ಯಾವುದು ಅಂತ ಸರಿಯಾಗಿ ಹಿಡಿಯಿರಿ. ‘ಬರಾಕತ್ತೈತಿ’ ಅಂದರೆ ‘ಬರುತ್ತಿದೆ’, ಅದು ಸುಲಭ. ‘ಬಂದೇನಿ’ ಅಂದರೆ ‘ಬಂದಿದ್ದೇನೆ’. ‘ಬಂದಾಳ’ ಅಂದರೆ ‘ಬಂದಿದ್ದಾಳೆ’. ನೋಡಲು ಭೂತಕಾಲದ ಹಾಗಿದ್ದರೂ ಇವು ಈ ಹೊತ್ತಿನ ಮಾತು. ‘ಬಂದಾಳ’ ಅಂತ ಇದೆಯಲ್ಲ, ಹಿಂದಿನದೇ ಅಂತ ಹಾಗೇ ಬಿಟ್ಟರೆ ಕತೆ ಅಲ್ಲೇ ವರ್ತಮಾನಕ್ಕೆ ಜಾರುತ್ತದೆ. ಮೈಸೂರು ಕಡೆಯವರು ಓದಿದರೆ ಇನ್ನೊಂದು ಪೇಚು. ಅವರಿಗೆ ‘ಬಂದಾಳು’ ಅಂದರೆ ಬಂದರೂ ಬರಬಹುದು ಅಂತ ಅರ್ಥ.

ಕತೆಯನ್ನು ಪುಸ್ತಕದ ಕನ್ನಡದಲ್ಲಿ ಹೇಳುವುದಾದರೆ ‘ಬಂದಿದ್ದಳು’, ‘ಬರುತ್ತಿತ್ತು’. ನಮ್ಮ ಮಾತಿನಲ್ಲೇ ಹೇಳುವುದಾದರೆ ‘ಬಂದಿದ್ಲು’, ‘ಬರಾಕತ್ತಿತ್ತು’, ಮತ್ತೆ ‘ಐತಿ’ ಇದ್ದಲ್ಲಿ ‘ಇತ್ತು’. ನಾನಾದರೆ ಕತೆಯನ್ನು ಪುಸ್ತಕದ ಕನ್ನಡದಲ್ಲಿ ಇಟ್ಟು, ಆಡಿದ ಮಾತುಗಳನ್ನು ಮಾತ್ರ ಅಜ್ಜ ಬರೆದಂತೆಯೇ ಬಿಡುತ್ತೇನೆ.

ಹಳೆ ಡೈರಿಯಲ್ಲಿ ‘ಬಿಜಾಪುರ’ ಅಂತ ಇದೆ. ಈಗಿನ ಹೆಸರು ಹಾಕಲಾ?

ಹಾಕಬೇಡಿ. ವಿಜಯಪುರ ಅಂತ ಸರ್ಕಾರ ಹೆಸರು ಬದಲಿಸಿದ್ದು 2014ರ ನವೆಂಬರ್ 1ರಂದು. ಬಾಗಲಕೋಟೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ. 1985ರ ಕತೆಯಲ್ಲಿ ‘ವಿಜಯಪುರಕ್ಕೆ ಹೋದ’ ಅಂದರೆ ಕ್ರಿಯಾಪದ ಅಂದಿನದು, ಊರು ಇಂದಿನದು. ಕಾಲ ತಪ್ಪುವುದು ಹೀಗೂ ಉಂಟು. ಆದರೆ ‘ಗೋಳಗುಮ್ಮಟದಲ್ಲಿ ಪಿಸುಗುಟ್ಟಿದರೂ ಆಚೆ ಬದಿಗೆ ಕೇಳಿಸುತ್ತದೆ’ ಅನ್ನುವಂಥ ವಾಕ್ಯ ಡೈರಿಯಲ್ಲಿದ್ದರೆ ಅದನ್ನು ಹಾಗೇ ಬಿಡಬಹುದು. ಅದು ಆಗಲೂ ನಿಜ, ಈಗಲೂ ನಿಜ.

ಎಲ್ಲವನ್ನೂ ವರ್ತಮಾನದಲ್ಲೇ ಹೇಳಿದರೆ ಈ ತಲೆನೋವೇ ಇರಲ್ಲ ಅಲ್ವಾ?

ತಲೆನೋವು ಜಾಗ ಬದಲಿಸುತ್ತದೆ, ಅಷ್ಟೇ. ಆಗ ಕಂದೀಲಿನ ಏಳು ವಾಕ್ಯ ಸುಲಭ: ‘ಅಜ್ಜ ಇನ್ನೂ ಬಂದಿಲ್ಲ’, ‘ನೀಲಾ ಬರೆಯುತ್ತಿದ್ದಾಳೆ’. ಹಗಲಿನ ನಾಲ್ಕು ವಾಕ್ಯಗಳಿಗೆ ಮಾತ್ರ ಎರಡು ದಾರಿ. ಕತೆ ರಾತ್ರಿಯಿಂದ ಶುರುವಾಗಿ ಹಗಲನ್ನು ನೆನೆಸಿಕೊಂಡರೆ ‘ತುಂಬಿದಳು’ ಹಾಗೇ ಇರಲಿ. ಬೆಳಿಗ್ಗೆಯಿಂದಲೇ ಶುರುವಾದರೆ ‘ಟ್ರ್ಯಾಕ್ಟರ್ ಬರುತ್ತದೆ, ಅವ್ವ ಪುಸ್ತಕ ತುಂಬುತ್ತಾಳೆ’ ಅಂತ ಎಲ್ಲವನ್ನೂ ತಿರುಗಿಸಬೇಕು. ಎರಡು ಪುಟ ಹೀಗೆ ಓದಿದರೆ ನಾಟಕದ ಸೂಚನೆ ಓದಿದಂತೆ ನನಗೆ ದಣಿವಾಗುತ್ತದೆ. ಸಣ್ಣ ತುಣುಕಿಗೆ ಪರವಾಗಿಲ್ಲ.

ಬರೆದ ಮೇಲೆ ತಪ್ಪು ಹುಡುಕೋದು ಹೇಗೆ?

ಪ್ರತಿ ವಾಕ್ಯದ ಕೊನೆಯ ಮಾತಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಆಮೇಲೆ ಆ ಮಾತುಗಳನ್ನಷ್ಟೇ ಮೇಲಿಂದ ಕೆಳಗೆ ಜೋರಾಗಿ ಓದಿ: ಹೋದರು, ಬಂತು, ತುಂಬಿದಳು, ಕೇಳಲಿಲ್ಲ, ಬಂದಿರಲಿಲ್ಲ, ಉಳಿದಿದ್ದ, ಇರಲಿಲ್ಲ. ನಡುವೆ ಒಂದು ‘ಇದೆ’ ಅಥವಾ ‘ಬಂದಿಲ್ಲ’ ಬಂದರೆ ಕಿವಿಗೇ ಗೊತ್ತಾಗುತ್ತದೆ. ಅರ್ಥ ಓದುತ್ತಾ ಹೋದರೆ ಕಣ್ಣು ಮೋಸ ಮಾಡುತ್ತದೆ. ‘ನೀಲಾ ಬೇಡ ಅಂದಳು, ಅವ್ವ ಕೇಳಲಿಲ್ಲ’ ಇಂಥ ಜೋಡಿ ವಾಕ್ಯಗಳಲ್ಲಿ ಅಲ್ಪವಿರಾಮದ ಮುಂಚಿನ ಮಾತಿಗೂ ಗೆರೆ ಬೇಕು.

ಮೊಬೈಲ್‌ನಲ್ಲೋ ಕಂಪ್ಯೂಟರ್‌ನಲ್ಲೋ ಬರೆಯುವವರು ಹುಡುಕುವ ಪೆಟ್ಟಿಗೆಯಲ್ಲಿ ‘ಇಲ್ಲ’ ಅಂತ ಹಾಕಿ, ಏನೂ ಸಿಗಲಿಲ್ಲ, ಎಲ್ಲ ಸರಿ ಇದೆ ಅಂದುಕೊಳ್ಳುತ್ತಾರೆ. ‘ಬಂದಿಲ್ಲ’ದಲ್ಲಿ ಬಿಡಿ ಅಕ್ಷರ ‘ಇ’ ಇರುವುದೇ ಇಲ್ಲ, ಅದು ‘ದ’ದ ಗುಡಿಸಾಗಿ ಸೇರಿಹೋಗಿದೆ. ಹಾಗಾಗಿ ‘ಲ್ಲ’ ಅಂತ ಹುಡುಕಿ. ‘ಎಲ್ಲ’, ‘ಮೆಲ್ಲಗೆ’ ಇಂಥವೂ ಸಿಗುತ್ತವೆ, ದಾಟಿಕೊಂಡು ಹೋಗಿ. ‘ನಾನು’ ಜೊತೆಗೆ ‘ನನ್ನ’, ‘ನನಗೆ’, ‘ನಮ್ಮ’ ಇವನ್ನೂ ಒಂದೊಂದಾಗಿ ಹುಡುಕಬೇಕು. ಮಕ್ಕಳು ಕೊಡುವ ಕತೆಗಳಲ್ಲಿ ಕೊನೆಗೂ ಉಳಿದುಬಿಡುವುದು ‘ನಮ್ಮ’. ‘ನೀಲಾ ನಮ್ಮ ಮನೆಗೆ ಬಂದಳು’ ಅಂತ ಓದಿ, ಯಾರ ಮನೆಗೆ ಅಂತ ಕೇಳಿದರೆ ಮಗು ‘ನಮ್ಮನಿಗೇ ಸರ’ ಅನ್ನುತ್ತದೆ.